ಮೊದಲ ಮೂರು ದಿನದ ಗಳಿಕೆ ಚಿತ್ರದ ತೀರ್ಪಲ್ಲ

ದೊಡ್ಡ ಚಿತ್ರವೊಂದು ತೆರೆಕಂಡ ಮರುದಿನವೇ ಕೋಟಿಗಳ ಲೆಕ್ಕದ ಪೋಸ್ಟರ್ ಹೊರಬೀಳುತ್ತದೆ. ಚಿತ್ರ ಹಿಡಿಸಲಿಲ್ಲ ಎಂದವರ ಬಾಯಿ ಮುಚ್ಚಿಸಲು ಅಭಿಮಾನಿಗಳಿಗೆ ಅಷ್ಟೇ ಸಾಕು: ಇಷ್ಟು ಜನ ದುಡ್ಡು ಕೊಟ್ಟು ನೋಡಿದ್ದು ಸುಳ್ಳೇ? ಸುಳ್ಳಲ್ಲ. ಆದರೆ ಅವರಲ್ಲಿ ಹೆಚ್ಚಿನವರು ಟಿಕೆಟ್ ಕೊಂಡಾಗ ಚಿತ್ರವನ್ನು ನೋಡಿರಲಿಲ್ಲ. ಅವರು ಮೆಚ್ಚಿದ್ದು ನಟನ ಹೆಸರನ್ನು, ಟ್ರೇಲರನ್ನು, ತಿಂಗಳುಗಟ್ಟಲೆ ನಡೆದ ಪ್ರಚಾರವನ್ನು. 2018ರ ನವೆಂಬರ್ 8ರಂದು, ದೀಪಾವಳಿಯ ರಜೆಯಲ್ಲಿ ಬಂದ ‘ಥಗ್ಸ್ ಆಫ್ ಹಿಂದೂಸ್ತಾನ್’ ಇದಕ್ಕೆ ಒಳ್ಳೆಯ ಸಾಕ್ಷಿ. ಅಮಿತಾಭ್ ಬಚ್ಚನ್ ಮತ್ತು ಆಮಿರ್ ಖಾನ್ ಮೊದಲ ಬಾರಿ ಒಟ್ಟಿಗೆ ನಟಿಸಿದ್ದ ಆ ಚಿತ್ರ ಮೊದಲ ದಿನವೇ 50 ಕೋಟಿ ರೂಪಾಯಿ ದಾಟಿ, ಹಿಂದಿ ಚಿತ್ರಗಳ ಮಟ್ಟಿಗೆ ಅಂದಿನ ದಾಖಲೆ ಬರೆಯಿತು. ನೋಡಿ ಬಂದವರ ಮಾತು ಹರಡಿದ್ದೇ ತಡ, ಎರಡನೇ ದಿನದಿಂದಲೇ ಗಳಿಕೆ ಕುಸಿಯಿತು. ಭಾರತದಲ್ಲಿ ಅದರ ಒಟ್ಟು ಗಳಿಕೆಯ ಸುಮಾರು ಮೂರರಲ್ಲೊಂದು ಪಾಲು ಆ ಮೊದಲ ದಿನದ್ದೇ.

ಇನ್ನು ಆ ಕೋಟಿಗಳಾದರೂ ಎಷ್ಟು ಜನರ ಲೆಕ್ಕ? 200 ರೂಪಾಯಿಯ ಟಿಕೆಟ್‌ನಲ್ಲಿ ಸಾವಿರ ಜನ ನೋಡಿದರೂ 500 ರೂಪಾಯಿಯ ಟಿಕೆಟ್‌ನಲ್ಲಿ ನಾನೂರು ಜನ ನೋಡಿದರೂ ಬರುವುದು ಎರಡು ಲಕ್ಷವೇ. ಮೊದಲ ವಾರಾಂತ್ಯಕ್ಕೆಂದೇ ದರ ಏರಿಸಿದ ಚಿತ್ರ, ದರ ಏರಿಸದ ಚಿತ್ರಕ್ಕಿಂತ ಕಡಿಮೆ ಜನರನ್ನು ಸೆಳೆದೂ ‘ದಾಖಲೆ’ ಮಾಡಬಲ್ಲದು. ಪೋಸ್ಟರ್‌ನಲ್ಲಿರುವುದು ಸಾಮಾನ್ಯವಾಗಿ ತೆರಿಗೆಯೂ ಸೇರಿದ ಗ್ರಾಸ್ ಮೊತ್ತ. ತೆರಿಗೆ, ಚಿತ್ರಮಂದಿರದ ಪಾಲು ಕಳೆದು ನಿರ್ಮಾಪಕರ ಕಡೆಗೆ ಉಳಿಯುವ ‘ಶೇರ್’ ಎಷ್ಟೆಂದು ಅಲ್ಲಿ ಹೇಳಿರುವುದಿಲ್ಲ. ಹೀಗಾಗಿ ಅದು ವ್ಯಾಪಾರದ ಲೆಕ್ಕವಾಗಿಯೂ ಅರ್ಧಂಬರ್ಧ.

ಹಾಗಾದರೆ ಪ್ರೇಕ್ಷಕನ ಅಭಿಪ್ರಾಯಕ್ಕೆ ಬೆಲೆಯೇ ಇಲ್ಲವೇ ಎಂದು ಕೇಳಬಹುದು. ಖಂಡಿತ ಇದೆ, ಅದು ಕಾಣಿಸುವುದು ಚಿತ್ರ ನೋಡಿದ ಮೇಲೆ. 2025ರ ಜುಲೈ 25ರಂದು ಬಿಡುಗಡೆಯಾದ ‘ಸು ಫ್ರಮ್ ಸೋ’ಗೆ ದೊಡ್ಡ ತಾರೆಯ ಹೆಸರಿನ ಬಲವಿರಲಿಲ್ಲ. ಮೊದಲ ದಿನದ ಗಳಿಕೆ ಒಂದು ಕೋಟಿಯ ಆಸುಪಾಸು. ಶನಿವಾರ, ಭಾನುವಾರ ಅದು ಏರುತ್ತಲೇ ಹೋಯಿತು, ಪ್ರದರ್ಶನಗಳನ್ನು ಹೆಚ್ಚಿಸಬೇಕಾಯಿತು. ಮೊದಲ ದಿನದ ಅಂಕಿಯನ್ನೇ ನಂಬಿದ್ದರೆ ಅದು ಸಾಧಾರಣ ಚಿತ್ರ ಎಂದು ಬದಿಗಿಡಬೇಕಿತ್ತು.

ಎರಡನೇ ವಾರದ ಗಳಿಕೆಯನ್ನೇ ಅಳತೆಗೋಲು ಮಾಡೋಣವೆಂದರೆ ಅದೂ ಪೂರ್ತಿ ನ್ಯಾಯವಲ್ಲ. ಬಾಯಿಮಾತು ಹರಡಲು ಚಿತ್ರ ಪರದೆಯ ಮೇಲೆ ಉಳಿದಿರಬೇಕಲ್ಲ! ವಾರಾಂತ್ಯ ಮುಗಿದೊಡನೆ ಸಣ್ಣ ಚಿತ್ರದ ಸಂಜೆಯ ಪ್ರದರ್ಶನ ಕಿತ್ತುಕೊಂಡು, ಕೆಲಸಕ್ಕೆ ಹೋಗುವವರಿಗೆ ಒದಗದ ಬೆಳಗಿನ ಹೊತ್ತಿಗೆ ತಳ್ಳಿದರೆ, ಸೋತಿತು ಎನ್ನುವ ಅಂಕಿ ತಾನಾಗಿಯೇ ಸಿದ್ಧವಾಗುತ್ತದೆ. ಒಳ್ಳೆಯ ಚಿತ್ರಗಳಿಗೆ ಈ ಪೋಸ್ಟರ್ ಯುದ್ಧ ಮಾಡುವ ನಿಜವಾದ ಹಾನಿ ಇದು: ಮೂರು ದಿನದ ಅಂಕಿ ನೋಡಿ ಚಿತ್ರಮಂದಿರದವರು ಪರದೆ ಕೊಡುತ್ತಾರೆ, ಪರದೆ ಸಿಗದ್ದರಿಂದ ಮುಂದಿನ ಅಂಕಿಯೂ ಇಳಿಯುತ್ತದೆ.