ಲಿಂಕ್ಡ್‌ಇನ್‌ಗೆ ಹಣ ಕಟ್ಟಬೇಕೇ?

ಪದವಿಯ ಕೊನೆಯ ವರ್ಷಕ್ಕೆ ಬಂದ ಮಕ್ಕಳಿರುವ ಮನೆಗಳಲ್ಲಿ ಈಗ ಹೊಸದೊಂದು ಖರ್ಚಿನ ಮಾತು ಕೇಳಿಬರುತ್ತಿದೆ. ಕೆಲಸ ಹುಡುಕುವವರೂ ಕೆಲಸ ಕೊಡುವವರೂ ಸೇರುವ ಲಿಂಕ್ಡ್‌ಇನ್ ಎಂಬ ತಾಣದಲ್ಲಿ ಮಗನೋ ಮಗಳೋ ಹೆಸರು ನೋಂದಾಯಿಸಿರುತ್ತಾರೆ. ನೋಂದಣಿಗೆ ಕಾಸು ಬೇಕಿಲ್ಲ. ಆದರೆ ಸ್ವಲ್ಪ ದಿನದಲ್ಲೇ 'ಪ್ರೀಮಿಯಂ' ಸೇರಿಕೊಳ್ಳಿ ಎಂಬ ಕರೆ ತೆರೆಯ ಮೇಲೆ ಮತ್ತೆ ಮತ್ತೆ ಬರತೊಡಗುತ್ತದೆ. "ಅಪ್ಪಾ, ತಿಂಗಳಿಗೆ ಇಷ್ಟು ಕಟ್ಟಿದರೆ ಬೇಗ ಕೆಲಸ ಸಿಗುತ್ತಂತೆ" ಎಂದು ಮಕ್ಕಳು ಕೇಳುತ್ತಾರೆ. ಕಟ್ಟದಿದ್ದರೆ ಮಗುವಿನ ಭವಿಷ್ಯಕ್ಕೆ ನಾವೇ ಅಡ್ಡಿಯಾದೆವೇನೋ ಎಂಬ ಅಳುಕು, ಕಟ್ಟಿದರೆ ದಂಡವಾದೀತೇನೋ ಎಂಬ ಅನುಮಾನ. ಈ ವಾರ ಇದನ್ನೇ ಸ್ವಲ್ಪ ಬಿಡಿಸಿ ನೋಡೋಣ.

ಪ್ರೀಮಿಯಂ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಕೆಲಸ ಸಿಗುವ ದಾರಿಯಲ್ಲಿ ನಮ್ಮ ಹುಡುಗ ಯಾವ ಮೆಟ್ಟಿಲಿನಲ್ಲಿ ನಿಂತಿದ್ದಾನೆ, ಹಣ ಕೊಟ್ಟರೆ ಸಿಗುವ ವಸ್ತು ಆ ಮೆಟ್ಟಿಲನ್ನು ಹತ್ತಿಸುತ್ತದೆಯೇ ಎಂದು ಕೇಳಬೇಕು. ಅದಕ್ಕೆ ಮೊದಲು ಪೊಟ್ಟಣದೊಳಗೆ ಏನಿದೆ ಎಂಬುದು ಗೊತ್ತಿರಬೇಕು. ಕೆಲಸ ಹುಡುಕುವವರಿಗೆಂದು ಇರುವ 'ಪ್ರೀಮಿಯಂ ಕೆರಿಯರ್' ಎಂಬ ಚಂದಾದಲ್ಲಿ ಮುಖ್ಯವಾಗಿ ನಾಲ್ಕು ಸಂಗತಿಗಳಿವೆ. ಪರಿಚಯವಿಲ್ಲದವರಿಗೆ ನೇರವಾಗಿ ಕಳಿಸುವ ಇನ್‌ಮೇಲ್ ಎಂಬ ಪತ್ರಗಳು ತಿಂಗಳಿಗೆ 5. ನಮ್ಮ ಪ್ರೊಫೈಲನ್ನು ಯಾರು ನೋಡಿದರು ಎಂಬ ದೊಡ್ಡ ಪಟ್ಟಿ. ಒಂದು ಕೆಲಸಕ್ಕೆ ಅರ್ಜಿ ಹಾಕಿದ ಇತರರೊಡನೆ ನಮ್ಮ ಹೋಲಿಕೆ. ಜೊತೆಗೆ ಲಿಂಕ್ಡ್‌ಇನ್ ಲರ್ನಿಂಗ್ ಎಂಬ ಪಾಠಗಳು.

ಕೊನೆಯ ಮೂರನ್ನು ಬೇಗ ಮುಗಿಸಬಹುದು. ಯಾರು ನೋಡಿದರು ಎಂದು ತಿಳಿದರೆ ಕುತೂಹಲ ತಣಿಯುತ್ತದೆ, ಅಷ್ಟೆ. ಹೆಸರು ಮರೆಸಿಕೊಂಡು ನೋಡುವ ಅನುಕೂಲವೂ ಆ ತಾಣದಲ್ಲಿದೆ. ಹಾಗೆ ನೋಡಿದವರ ಹೆಸರು ಹಣ ಕಟ್ಟಿದವರಿಗೂ ಕಾಣುವುದಿಲ್ಲ. ಅರ್ಜಿದಾರರ ಹೋಲಿಕೆಯಲ್ಲಿ ಇನ್ನೊಂದು ತೊಡಕಿದೆ. ಕಂಪನಿಯ ಸ್ವಂತ ತಾಣಕ್ಕೆ ಕರೆದೊಯ್ಯುವ ಜಾಹೀರಾತುಗಳಲ್ಲಿ ತೆರೆಯ ಮೇಲೆ ಕಾಣುವುದು ಅರ್ಜಿಯ ಗುಂಡಿ ಒತ್ತಿದವರ ಲೆಕ್ಕ. ಅವರೆಲ್ಲರೂ ಅರ್ಜಿ ತುಂಬಿ ಮುಗಿಸಿದ್ದಾರೆ ಎಂದೇನಿಲ್ಲ. ಮೇಲಾಗಿ ನೀವು ಪ್ರೊಫೈಲಿನಲ್ಲಿ ಬರೆದುಕೊಂಡದ್ದನ್ನೇ ಆಧರಿಸಿದ ಹೋಲಿಕೆ ಅದು. ಕನ್ನಡಿ ನೋಡಿಕೊಂಡರೆ ತೂಕ ಇಳಿಯುವುದಿಲ್ಲವಲ್ಲ! ಇನ್ನು ಪಾಠಗಳು. ಐಐಟಿಗಳೂ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ನಡೆಸುವ ಎನ್‌ಪಿಟೆಲ್ ಪಾಠಗಳನ್ನು ಬಿಟ್ಟಿಯಾಗಿ ಕೇಳಬಹುದು. ಪ್ರಮಾಣಪತ್ರ ಬೇಕೆನ್ನುವವರು ಮಾತ್ರ ಶುಲ್ಕ ಕಟ್ಟಿ ಕೇಂದ್ರದಲ್ಲಿ ಪರೀಕ್ಷೆ ಬರೆಯಬೇಕು. ವಿಜ್ಞಾನ ಮತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ನಾನು ಅದನ್ನೇ ಹೇಳುತ್ತೇನೆ.

ಉಳಿದದ್ದು ಇನ್‌ಮೇಲ್. ನಿಜವಾಗಿ ತೂಗಿ ನೋಡಬೇಕಾದದ್ದು ಇದನ್ನೇ. ಲಿಂಕ್ಡ್‌ಇನ್‌ನಲ್ಲಿ ಸಾಮಾನ್ಯವಾಗಿ ನಿಮ್ಮ ಸಂಪರ್ಕಕ್ಕೆ ಒಪ್ಪಿಕೊಂಡವರಿಗೆ ಮಾತ್ರ ಪತ್ರ ಬರೆಯಬಹುದು. ಇನ್‌ಮೇಲ್ ಇದ್ದರೆ ಒಪ್ಪಿಗೆಗೆ ಕಾಯದೆ ಬರೆಯಬಹುದು. ಇದರ ನಿಯಮ ಸ್ವಾರಸ್ಯವಾಗಿದೆ. ಪತ್ರ ಪಡೆದವರು 90 ದಿನದೊಳಗೆ ಉತ್ತರಿಸಿದರೆ, ಆ ಉತ್ತರ 'ಬೇಡ' ಎಂದಿದ್ದರೂ, ಖರ್ಚಾದ ಪತ್ರ ನಿಮ್ಮ ಲೆಕ್ಕಕ್ಕೆ ಮರಳಿ ಬರುತ್ತದೆ. ಅವರು ಸುಮ್ಮನಿದ್ದರೆ ಅದು ಹೋದ ಹಾಗೆಯೇ. ಆದ್ದರಿಂದ ಉತ್ತರ ಕೊಡಬಲ್ಲವರನ್ನು ಹುಡುಕಿ ಬರೆದರೆ 5 ಪತ್ರ 7 ಆಗಬಹುದು. ಕಂಡಕಂಡ ದೊಡ್ಡ ಅಧಿಕಾರಿಗಳಿಗೆಲ್ಲ ಬರೆದರೆ ಐದೂ ಒಂದೇ ಸಂಜೆಗೆ ಮುಗಿಯುತ್ತವೆ.

ಇಲ್ಲೊಂದು ಸಣ್ಣ ಲೆಕ್ಕ ಮಾಡೋಣ. ಹತ್ತು ಜನರಿಗೆ ಬರೆದರೆ ಒಬ್ಬರು ಉತ್ತರಿಸುತ್ತಾರೆ ಎಂದು ಇಟ್ಟುಕೊಳ್ಳಿ. ಅಂದರೆ ಒಂದು ಪತ್ರಕ್ಕೆ ಉತ್ತರ ಬಾರದಿರುವ ಸಂಭವ 0.9. ಐದಕ್ಕೆ ಐದೂ ಉತ್ತರವಿಲ್ಲದೆ ಹೋಗುವ ಸಂಭವ ತಿಳಿಯಲು 0.9ನ್ನು ಐದು ಸಲ ಗುಣಿಸಬೇಕು. ಬರುವುದು 0.59. ನೂರು ಮಂದಿ ವಿದ್ಯಾರ್ಥಿಗಳು ಒಂದು ತಿಂಗಳ ಹಣ ಕಟ್ಟಿದರೆ ಅವರಲ್ಲಿ 59 ಮಂದಿಗೆ ಒಂದೂ ಉತ್ತರ ಬರುವುದಿಲ್ಲ ಎಂದಾಯಿತು. ಆಳನ್ನು ಸರಿಯಾಗಿ ಆರಿಸಿ, ಚೆನ್ನಾಗಿ ಬರೆದು, ಐವರಲ್ಲಿ ಒಬ್ಬರು ಉತ್ತರಿಸುವ ಮಟ್ಟಕ್ಕೆ ಬಂದರೆ ಆ ಸಂಖ್ಯೆ 33ಕ್ಕೆ ಇಳಿಯುತ್ತದೆ. ಪತ್ರದ ಸಂಖ್ಯೆ ಎರಡು ಸಲವೂ ಐದೇ. ವ್ಯತ್ಯಾಸ ಬಂದದ್ದು ಬರೆದವರ ಸಿದ್ಧತೆಯಿಂದ. ಆ ಸಿದ್ಧತೆಗೆ ಹಣ ಬೇಕಿಲ್ಲ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಕೊನೆಯ ಸೆಮಿಸ್ಟರಿನಲ್ಲಿದ್ದಳು. ಔಷಧ ಕಂಪನಿಯ ಗುಣಮಟ್ಟ ಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ ಬೇಕೆಂಬುದು ಅವಳ ಗುರಿ. 24 ಅರ್ಜಿ ಹಾಕಿದ್ದಳು, ಒಂದು ಕರೆಯೂ ಬಂದಿರಲಿಲ್ಲ. "ಸರ್, ಪ್ರೀಮಿಯಂ ತಗೊಳ್ಳಲಾ?" ಎಂದು ಕೇಳಿದಳು. ಮೊದಲು ಆ 24 ಜಾಹೀರಾತುಗಳನ್ನು ಮತ್ತೆ ಓದಿ ವಿಂಗಡಿಸಮ್ಮ ಎಂದೆ. 15ರಲ್ಲಿ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚಿನ ಅನುಭವ ಕೇಳಿದ್ದರು. ಅಂದರೆ ಅವಳಿಗೆ ಸಲ್ಲುವ ಅರ್ಜಿಗಳು ಒಂಬತ್ತೇ. ಅವಳ ಹೆಸರಿನ ಕೆಳಗಿನ ಸಾಲಿನಲ್ಲಿ 'ವಿದ್ಯಾರ್ಥಿನಿ, ಕೆಲಸದ ಹುಡುಕಾಟದಲ್ಲಿ' ಎಂದಿತ್ತು. ಎರಡು ವರ್ಷ ಎಚ್‌ಪಿಎಲ್‌ಸಿ ಯಂತ್ರದ ಮೇಲೆ, ಯು.ವಿ. ಸ್ಪೆಕ್ಟ್ರೋಫೋಟೋಮೀಟರಿನ ಮೇಲೆ ಕೈ ಪಳಗಿಸಿಕೊಂಡ ಹುಡುಗಿ ಅದನ್ನು ಎಲ್ಲಿಯೂ ಬರೆದಿರಲಿಲ್ಲ. ಕಂಪನಿಯವರು ಹುಡುಕುವುದು ಇಂಥ ಪದಗಳನ್ನಿಟ್ಟುಕೊಂಡೇ. ಇವೆರಡೂ ಹಣ ಕಟ್ಟಿ ಸರಿಯಾಗುವ ತೊಂದರೆಗಳಲ್ಲ.

ಎರಡನೆಯ ಹೆಜ್ಜೆಯಾಗಿ ತನ್ನ ಕಾಲೇಜಿನ ಪುಟ ತೆರೆಯಲು ಹೇಳಿದೆ. ಲಿಂಕ್ಡ್‌ಇನ್‌ನಲ್ಲಿ ಕಾಲೇಜುಗಳಿಗೂ ಪುಟವಿರುತ್ತದೆ. ಅದರಲ್ಲಿ Alumni ಎಂಬ ಭಾಗವನ್ನು ಒತ್ತಿದರೆ ಆ ಕಾಲೇಜಿನಲ್ಲಿ ಓದಿದವರು ಈಗ ಯಾವ ಊರಿನಲ್ಲಿ, ಯಾವ ಕಂಪನಿಯಲ್ಲಿ ಇದ್ದಾರೆ ಎಂದು ವಿಂಗಡಿಸಿ ತೋರಿಸುತ್ತದೆ. ಬಿಟ್ಟಿಯಾಗಿ ಸಿಗುವ ಈ ಅನುಕೂಲ ನಮ್ಮ ಎಷ್ಟೋ ವಿದ್ಯಾರ್ಥಿಗಳಿಗೆ ಗೊತ್ತೇ ಇಲ್ಲ. ಅವಳಿಗೆ ಗುಣಮಟ್ಟ ಪರೀಕ್ಷೆಯ ವಿಭಾಗಗಳಲ್ಲಿ ಕೆಲಸ ಮಾಡುವ 11 ಮಂದಿ ಸಿಕ್ಕಿದರು. ಉಚಿತ ಖಾತೆಯವರು ಸಂಪರ್ಕದ ಕೋರಿಕೆಯ ಜೊತೆ ಟಿಪ್ಪಣಿ ಬರೆಯಲು ತಿಂಗಳಿಗೆ ಕೆಲವೇ ಅವಕಾಶಗಳಿರುತ್ತವೆ. ಅವನ್ನು ಅತಿ ಹತ್ತಿರದ ಬ್ಯಾಚಿನವರಿಗೆ ಮೀಸಲಿಟ್ಟು, ಉಳಿದವರಿಗೆ ಬರೀ ಕೋರಿಕೆ ಕಳಿಸಿ, ಒಪ್ಪಿದ ಮೇಲೆ ಪತ್ರ ಬರೆದಳು. ಕೆಲಸ ಕೊಡಿಸಿ ಎಂದು ಕೇಳಲಿಲ್ಲ. "ಅಕ್ಕಾ, ನಿಮ್ಮ ಪ್ರಯೋಗಾಲಯಕ್ಕೆ ಹೊಸಬರನ್ನು ಯಾವಾಗ, ಹೇಗೆ ತೆಗೆದುಕೊಳ್ಳುತ್ತಾರೆ?" ಎಂದಷ್ಟೇ ಕೇಳಿದಳು. ಆರು ಮಂದಿ ಒಪ್ಪಿಕೊಂಡರು, ಮೂವರು ಉತ್ತರ ಬರೆದರು. ಹೊಸಬರನ್ನು ನೇರ ಸಂದರ್ಶನದ ದಿನ ಕರೆದು ಆರಿಸುತ್ತಾರೆ ಎಂದು ಇಬ್ಬರು ತಿಳಿಸಿದರು.

ಇಷ್ಟಾದ ಮೇಲೆ ಅವಳ ಪಟ್ಟಿಯಲ್ಲಿ ಉಳಿದದ್ದು ಎರಡು ಕಂಪನಿಗಳು. ಅಲ್ಲಿ ಅವಳ ಕಾಲೇಜಿನವರು ಯಾರೂ ಇರಲಿಲ್ಲ, ಸಂಪರ್ಕದ ಕೋರಿಕೆಗೆ ಯಾರೂ ಒಪ್ಪಿರಲಿಲ್ಲ. ಇನ್‌ಮೇಲ್‌ಗೆ ಸರಿಯಾದ ಸ್ಥಳ ಇದೇ. ಪ್ರೀಮಿಯಂನ ಮೊದಲ ತಿಂಗಳನ್ನು ಪರೀಕ್ಷೆಗೆಂದು ಉಚಿತವಾಗಿ ಕೊಡುತ್ತಾರೆ, ಅದನ್ನು ತೆಗೆದುಕೊಂಡಳು. ಮೇಲಧಿಕಾರಿಗಳನ್ನು ಬಿಟ್ಟು ಪ್ರಯೋಗಾಲಯದ ಮೇಲ್ವಿಚಾರಕರ ಮಟ್ಟದವರನ್ನು ಆರಿಸಿ ಐದು ಪತ್ರ ಬರೆದಳು. ಒಬ್ಬರು ಉತ್ತರಿಸಿದರು. ತಮ್ಮಲ್ಲಿ ಹೊಸಬರನ್ನು ಅಪ್ರೆಂಟಿಸ್ ಆಗಿ ಮಾತ್ರ ತೆಗೆದುಕೊಳ್ಳುತ್ತಾರೆ, ಲಿಂಕ್ಡ್‌ಇನ್‌ನ ಜಾಹೀರಾತುಗಳಿಗೆ ಅರ್ಜಿ ಹಾಕಿ ಕಾಯಬೇಡಿ ಎಂದರು. ಮರಳಿ ಬಂದ ಆರನೆಯ ಪತ್ರಕ್ಕೆ ಉತ್ತರವಿಲ್ಲ. ಕೊನೆಗೆ ಕೆಲಸ ಸಿಕ್ಕಿದ್ದು ಹಳೆಯ ವಿದ್ಯಾರ್ಥಿನಿ ತಿಳಿಸಿದ ನೇರ ಸಂದರ್ಶನವೊಂದರಲ್ಲಿ. ಹಾಗೆಂದು ಆ ಒಂದು ಉತ್ತರ ವ್ಯರ್ಥವಾಗಲಿಲ್ಲ. ಆ ಕಂಪನಿಗೆ ದಾರಿ ಬೇರೆ ಎಂದು ಗೊತ್ತಾಯಿತು. ಆದರೆ ಅದಕ್ಕಾಗಿ ತಿಂಗಳು ತಿಂಗಳು ಹಣ ಕಟ್ಟಬೇಕಿತ್ತೇ ಎಂದರೆ, ಇಲ್ಲ.

ಗುರಿ ಬೇರೆಯಾದರೆ ಉತ್ತರವೂ ಬೇರೆ. ಸರ್ಕಾರಿ ಹುದ್ದೆಗೆ, ಬ್ಯಾಂಕ್ ಪರೀಕ್ಷೆಗೆ ಓದುವವರಿಗೆ ಪ್ರೀಮಿಯಂನಿಂದ ಏನೂ ಇಲ್ಲ. ಸಂಶೋಧನೆಗೆ ಸೇರಬೇಕೆನ್ನುವವರಿಗೆ ಪ್ರಾಧ್ಯಾಪಕರ ಇ-ಮೇಲ್ ವಿಳಾಸ ವಿಶ್ವವಿದ್ಯಾಲಯದ ಪುಟದಲ್ಲಿಯೇ ಸಿಗುತ್ತದೆ, ಅಲ್ಲಿಗೆ ಬರೆಯುವುದೇ ಸರಿ. ಕಾಲೇಜಿಗೇ ಕಂಪನಿಗಳು ಬಂದು ಆರಿಸುವ ಕಡೆ ಪ್ಲೇಸ್‌ಮೆಂಟ್ ವಿಭಾಗದ ಸೂಚನಾ ಫಲಕವೇ ಮುಖ್ಯ. ಸಂದರ್ಶನದವರೆಗೆ ಹೋಗಿ ಅಲ್ಲಿ ಸೋಲುವವರಿಗೆ ಬೇಕಾದದ್ದು ಅಭ್ಯಾಸ. ನಾಲ್ಕಾರು ವರ್ಷ ಕೆಲಸ ಮಾಡಿ, ತನಗೆ ಯಾರೂ ಗೊತ್ತಿಲ್ಲದ ಬೇರೆ ಕ್ಷೇತ್ರಕ್ಕೋ ಬೇರೆ ದೇಶಕ್ಕೋ ಹೋಗಬಯಸುವ ಅಣ್ಣನಿಗೆ ಮಾತ್ರ ಎರಡು ತಿಂಗಳ ಚಂದಾ ಸಾರ್ಥಕವಾಗಬಹುದು. ಬರೆಯಬೇಕಾದವರು ಯಾರೆಂದು ಅವನಿಗೆ ಗೊತ್ತಿರುತ್ತದೆ, ಬರೆದುಕೊಳ್ಳಲು ಅನುಭವವೂ ಇರುತ್ತದೆ.

ಪರೀಕ್ಷೆಯ ತಿಂಗಳನ್ನು ತೆಗೆದುಕೊಳ್ಳುವವರು ಎರಡು ವಿಷಯ ನೆನಪಿಡಬೇಕು. ಒಮ್ಮೆ ಬಳಸಿದರೆ ಮತ್ತೆ ಹನ್ನೆರಡು ತಿಂಗಳು ಅದು ಸಿಗುವುದಿಲ್ಲ. ಆದ್ದರಿಂದ ಎರಡನೆಯ ವರ್ಷದಲ್ಲಿ ಕುತೂಹಲಕ್ಕೆಂದು ಅದನ್ನು ಕಳೆದುಕೊಳ್ಳಬಾರದು. ಯಾರಿಗೆ ಬರೆಯಬೇಕೆಂಬ ಐದು ಹೆಸರು, ಬರೆಯಬೇಕಾದ ಪತ್ರ ಎರಡೂ ಸಿದ್ಧವಾದ ದಿನ ಶುರುಮಾಡಬೇಕು. ಎರಡನೆಯದು, ಶುರುಮಾಡುವಾಗಲೇ ಕಾರ್ಡಿನ ವಿವರ ಕೇಳುತ್ತಾರೆ. ತಿಂಗಳು ಮುಗಿದೊಡನೆ ಹಣ ತಾನಾಗಿ ಕಡಿತವಾಗುತ್ತದೆ. ಫೋನಿನಿಂದ ಆ್ಯಪ್ ಅಳಿಸಿದರೆ ಚಂದಾ ನಿಲ್ಲುವುದಿಲ್ಲ. ಖಾತೆಯ ಸೆಟ್ಟಿಂಗ್ಸ್‌ನಲ್ಲಿ ಹೋಗಿ ರದ್ದು ಮಾಡಬೇಕು. ಆ್ಯಪಲ್ ಫೋನಿನ ಆ್ಯಪ್ ಸ್ಟೋರ್ ಮೂಲಕ ಕೊಂಡಿದ್ದರೆ ಅಲ್ಲಿಯೇ ರದ್ದುಮಾಡಬೇಕು. ರಿಸರ್ವ್ ಬ್ಯಾಂಕಿನ ನಿಯಮದಂತೆ 2021ರ ಅಕ್ಟೋಬರಿನಿಂದ ಇಂಥ ಕಡಿತಕ್ಕೆ 24 ಗಂಟೆ ಮೊದಲೇ ಬ್ಯಾಂಕು ಸೂಚನೆ ಕಳಿಸಬೇಕು. ಕಾರ್ಡು ಅಪ್ಪನದಾದರೆ ಸೂಚನೆ ಬರುವುದು ಅಪ್ಪನ ಫೋನಿಗೆ. ಅದನ್ನು ಜಾಹೀರಾತೆಂದು ಅಳಿಸಿಬಿಡಬೇಡಿ. ಕೊನೆಯ ದಿನದವರೆಗೆ ಕಾಯದೆ, ಎರಡು ಮೂರು ದಿನ ಮೊದಲೇ ರದ್ದುಮಾಡುವುದು ಕ್ಷೇಮ.

ಚಂದಾದ ದರ ಎಲ್ಲರಿಗೂ ಒಂದೇ ಇರುವುದಿಲ್ಲ. ನಿಮ್ಮ ತೆರೆಯ ಮೇಲೆ ಕಂಡ ದರವನ್ನು ತೆರಿಗೆ ಸೇರಿಸಿ ಬರೆದುಕೊಳ್ಳಿ, ಐದರಿಂದ ಭಾಗಿಸಿ. ಒಂದು ಪತ್ರಕ್ಕೆ ಬೀಳುವ ಬೆಲೆ ಅದು. ಆ ಬೆಲೆ ಕೊಟ್ಟು ಬರೆಯಲೇಬೇಕಾದ ಐದು ಹೆಸರುಗಳು ಮಗುವಿನ ಪಟ್ಟಿಯಲ್ಲಿ ಇವೆಯೇ ಎಂದು ಕೇಳಿ. ಇದ್ದರೆ ಒಂದು ತಿಂಗಳಿಗೆ ಕಟ್ಟಬಹುದು. ಪಟ್ಟಿಯೇ ಇಲ್ಲದಿದ್ದರೆ, ಈ ತಿಂಗಳು ಕಾಲೇಜಿನ Alumni ಪುಟದಿಂದ ಆ ಪಟ್ಟಿ ತಯಾರಾಗಲಿ.