ಮಾಮಾ ಉಳೀತಾರಾ, ಕಾಕಾ?

ಈ ಸಲದ ಅಂಕಣದಲ್ಲಿ ಅರ್ಧ ಭಾಗ ನನ್ನದಲ್ಲ. ಪುಣೆಯ ಧನಕವಡಿಯಲ್ಲಿರುವ ನಮ್ಮ ಓದುಗರೊಬ್ಬರು ತಮ್ಮ ಸಂಬಂಧಿಕರ ಮಗಳಿಗೆ ಬರೆದ ಕಾಗದದ ಪ್ರತಿಯನ್ನು ನನಗೆ ಕಳಿಸಿದ್ದಾರೆ. ಹೆಸರುಗಳನ್ನು ತೆಗೆದು ಹಾಕಿಕೊಳ್ಳಿ, ಆಕೆಯೂ ಒಪ್ಪಿದ್ದಾಳೆ ಎಂದಿದ್ದಾರೆ. ಧಾರವಾಡದ ಕಡೆಯಿಂದ ಬಂದು ನಲವತ್ತು ವರ್ಷ ಪುಣೆಯಲ್ಲಿ ನೌಕರಿ ಮಾಡಿ ನಿವೃತ್ತರಾದವರು. ಜ್ಯೋತಿಷ ಅವರ ಹೊಟ್ಟೆಪಾಡಲ್ಲ, ತಂದೆಯಿಂದ ಬಂದ ಹವ್ಯಾಸ. ಪುಣೆಯ ಕನ್ನಡದ ಮನೆಗಳಲ್ಲಿ ಹುಡುಗಿಯ ಜಾತಕ ಕೂಡಿಸುವುದಕ್ಕೋ ವಾಸ್ತುಶಾಂತಿಯ ದಿನ ನೋಡುವುದಕ್ಕೋ ಜನ ಇವರನ್ನು ಹುಡುಕಿಕೊಂಡು ಹೋಗುತ್ತಾರೆ. ಚಹಾ ಕುಡಿಸಿ ಕಳಿಸುತ್ತಾರೆ, ದುಡ್ಡು ಮುಟ್ಟುವುದಿಲ್ಲ.

ಕಾಗದ ಬಂದದ್ದು ಅಕ್ಟೋಬರ್ ಕೊನೆಯ ವಾರ. ಅದನ್ನು ಬರೆಸಿದ ಸಂದೇಶ ಇಷ್ಟೇ. ಹುಡುಗಿ ನೋಯಿಡಾದಲ್ಲಿ ಕೆಲಸದಲ್ಲಿದ್ದಾಳೆ. ಅಪ್ಪ ಹೋದ ಮೇಲೆ ಅವಳನ್ನು ಓದಿಸಿದ ಸೋದರಮಾವ, ಎಪ್ಪತ್ತೊಂದು ವರ್ಷದವರು, ಹುಬ್ಬಳ್ಳಿಯ ಆಸ್ಪತ್ರೆಯೊಂದರ ಐಸಿಯುನಲ್ಲಿದ್ದಾರೆ. ನ್ಯುಮೋನಿಯಾ, ನಂಜು ರಕ್ತಕ್ಕೆ ಏರಿದೆ, ವೆಂಟಿಲೇಟರ್ ಹಾಕಿ ಆರನೆಯ ದಿನ. ದೀಪಾವಳಿಗೆಂದು ಹೇಗೂ ಟಿಕೆಟ್ ತೆಗೆಸಿದ್ದಾಳೆ, ಅದಕ್ಕಿನ್ನೂ ಹನ್ನೆರಡು ದಿನ. ರಾತ್ರಿ ಹನ್ನೆರಡೂ ಇಪ್ಪತ್ತಕ್ಕೆ ಮೊಬೈಲಿನಲ್ಲಿ ಕೇಳಿದ್ದಾಳೆ: ಮಾಮಾ ಉಳೀತಾರಾ, ಕಾಕಾ? ಪ್ರಶ್ನೆ ಹಾಕಿ ನೋಡಿ.

ಪ್ರಶ್ನೆ ಹಾಕುವುದೆಂದರೆ ಹುಟ್ಟಿದ ಹೊತ್ತಿನ ಜಾತಕ ನೋಡುವುದಲ್ಲ. ಕೇಳಿದ ಗಳಿಗೆಗೆ ಆಕಾಶದಲ್ಲಿ ಗ್ರಹಗಳು ಎಲ್ಲಿದ್ದವೋ ಅದಕ್ಕೊಂದು ಕುಂಡಲಿ ಬರೆದು, ಅದರಿಂದ ಉತ್ತರ ತೆಗೆಯುವ ಕ್ರಮ. ಅವರ ಕಾಗದ ಹೀಗಿದೆ.

“ಚಿ. ಸೌ. ...ಗೆ, ಧನಕವಡಿಯಿಂದ ಕಾಕಾ ಮಾಡುವ ಆಶೀರ್ವಾದಗಳು.

ನಿನ್ನ ಸಂದೇಶ ಬೆಳಿಗ್ಗೆ ಐದೂ ಹತ್ತಕ್ಕೆ ನೋಡಿದೆ. ಫೋನಿನಲ್ಲಿ ಹೇಳಿದರೆ ನನ್ನ ದನಿಯಲ್ಲೇ ನೀನು ಉತ್ತರ ಹುಡುಕುತ್ತೀ, ಅದಕ್ಕೆ ಬರೆಯುತ್ತಿದ್ದೇನೆ. ಆ ಪ್ರಶ್ನೆಗೆ ನಾನು ಕುಂಡಲಿ ಹಾಕಿ ಹೇಳುವುದಿಲ್ಲ, ಮಗಳೇ. ಏನೋ ಕೆಟ್ಟದ್ದು ಕಂಡು ಮುಚ್ಚಿಡುತ್ತಿದ್ದೇನೆ ಎಂದು ತಿಳಿಯಬೇಡ. ನೋಡಿಯೇ ಇಲ್ಲ. ನಿನ್ನ ಮೇಲೆ ಆಣೆ.

ಯಾಕೆ ನೋಡಲಿಲ್ಲ ಎಂಬುದನ್ನು ನಿನಗೆ ಹೇಳಲೇಬೇಕು. ರೋಗಪ್ರಶ್ನೆಗೆ ಒಂದು ಸರಳ ಸೂತ್ರವಿದೆ. ಲಗ್ನ ವೈದ್ಯ, ಏಳನೆಯ ಮನೆ ರೋಗ, ಹತ್ತನೆಯದು ರೋಗಿ, ನಾಲ್ಕನೆಯದು ಔಷಧ. ಈಗ ಹೇಳು, ನೀನು ಕೇಳಿದ್ದು ಯಾವಾಗ? ಬೆರಳಿನಿಂದ ಕಳಿಸಿದ ಗಳಿಗೆಯೋ, ನಾನು ಓದಿದ ಗಳಿಗೆಯೋ? ಈ ತಿಂಗಳು ಸೂರ್ಯ ತುಲೆಯಲ್ಲಿದ್ದಾನೆ. ಹನ್ನೆರಡೂ ಇಪ್ಪತ್ತಕ್ಕೆ ಕರ್ಕ ಲಗ್ನ. ಆಗ ರೋಗದ ಮನೆ ಮಕರ, ಅದರ ಒಡೆಯ ಶನಿ. ರೋಗಿಯ ಮನೆ ಮೇಷ, ಒಡೆಯ ಕುಜ. ಶನಿ ಕುಜರಿಗೆ ಆಗದು. ಕೆಟ್ಟ ಲಕ್ಷಣ ಎಂದು ಮುಖ ಸಣ್ಣ ಮಾಡಿಕೊಂಡು ಕೂರಬಹುದು. ಐದೂ ಹತ್ತಕ್ಕೆ ನೋಡಿದರೆ ಕನ್ಯಾ ಲಗ್ನ. ರೋಗಕ್ಕೆ ಒಡೆಯ ಗುರು, ವೈದ್ಯನಿಗೂ ರೋಗಿಗೂ ಒಬ್ಬನೇ ಬುಧ. ವೈದ್ಯನ ಕೈಗುಣ ಹತ್ತಿತು, ಉಳಿಯುತ್ತಾರೆ ಎಂದು ಹೇಳಬಹುದು. ಅದೇ ಮಾಮಾ, ಅದೇ ಹಾಸಿಗೆ, ಅದೇ ರಾತ್ರಿ. ನಡುವೆ ನಾನು ನಿದ್ದೆ ಮಾಡಿದೆ ಅಷ್ಟೇ. ಮೊದಲು ಮನುಷ್ಯ ಮನೆ ಬಾಗಿಲಿಗೆ ಬಂದು ಕೇಳುತ್ತಿದ್ದ, ಈ ತಕರಾರು ಇರಲಿಲ್ಲ. ಬೇರೆ ತಕರಾರುಗಳಿದ್ದವು.

ಎರಡನೆಯ ಮಾತು ನನ್ನ ತಪ್ಪಿನದು. ಬಹಳ ವರ್ಷಗಳ ಹಿಂದೆ ನಮ್ಮ ಬಿಲ್ಡಿಂಗಿನವರೊಬ್ಬರು ತಮ್ಮ ತಾಯಿಯ ಬಗ್ಗೆ ಕೇಳಿದರು. ನೋಡಿದೆ. ಗಂಡಾಂತರ ಕಳೆದಿದೆ, ಅಮಾವಾಸ್ಯೆ ದಾಟಿದರೆ ಚಿಂತೆಯಿಲ್ಲ ಎಂದೆ. ಅವರು ಆ ಮಾತು ನಂಬಿ, ಊರಿಗೆ ಹೊರಟಿದ್ದವರು ಟಿಕೆಟ್ ರದ್ದು ಮಾಡಿದರು. ತಾಯಿ ಅಮಾವಾಸ್ಯೆಯನ್ನೂ ದಾಟಿದರು. ಅದಾಗಿ ನಾಲ್ಕನೆಯ ದಿನ ಹೋದರು. ಅವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಮೆಟ್ಟಿಲಲ್ಲಿ ಎದುರಾದಾಗ ಇವತ್ತಿಗೂ ನಾನೇ ಬದಿಗೆ ಸರಿಯುತ್ತೇನೆ. ಉಳಿಯುತ್ತಾರೆ ಎಂದರೆ ನೀನು ದೀಪಾವಳಿಯವರೆಗೆ ಕಾಯುತ್ತೀ. ಹೋಗುತ್ತಾರೆ ಎಂದರೆ ನಿನ್ನ ಅತ್ತೆ ಐಸಿಯು ಬಾಗಿಲಲ್ಲಿ, ಇನ್ನು ಯಾಕೆ ಈ ಖರ್ಚು, ಈ ಹಿಂಸೆ ಎನ್ನುವವರ ಮಾತಿಗೆ ಕಿವಿ ಕೊಡುತ್ತಾಳೆ. ಎರಡೂ ನನ್ನ ಬಾಯಿಂದ ಆಗಬಾರದು.

ನೀನು ಕೇಳಬೇಕಾದವರು ಅಲ್ಲಿಯ ಡಾಕ್ಟರು. ಉಳೀತಾರಾ ಅಂತ ಕೇಳಿದರೆ ಅವರೂ ‘ಹೇಳಲಿಕ್ಕೆ ಬರೋದಿಲ್ಲ’ ಅನ್ನುತ್ತಾರೆ. ಬೇರೆ ರೀತಿ ಕೇಳು. ಇದು ನನ್ನ ವಿದ್ಯೆಯಲ್ಲ, ನಿನ್ನ ಕಾಕು ಇಪ್ಪತ್ತು ದಿನ ಐಸಿಯುನಲ್ಲಿದ್ದಾಗ ಒಬ್ಬ ನರ್ಸಮ್ಮ ಕಲಿಸಿದ್ದು. ಮೊನ್ನೆಗೂ ಇವತ್ತಿಗೂ ವೆಂಟಿಲೇಟರಿನಲ್ಲಿ ಕೊಡುವ ಆಕ್ಸಿಜನ್ ಎಷ್ಟರಿಂದ ಎಷ್ಟಕ್ಕೆ ಬಂತು ಎಂದು ಕೇಳು. ನೂರಕ್ಕೆ ಎಂಬತ್ತಿದ್ದದ್ದು ಐವತ್ತಕ್ಕೆ ಇಳಿದಿದ್ದರೆ ಶ್ವಾಸಕೋಶ ತುಸು ಚೇತರಿಸಿಕೊಳ್ಳುತ್ತಿದೆ. ಬಿಪಿ ಬೀಳದಂತೆ ಹಿಡಿಯುವ ಔಷಧ, ನಾರ್‌ಅಡ್ರಿನಲಿನ್, ಅದರ ಪ್ರಮಾಣ ಏರುತ್ತಿದೆಯೋ ಇಳಿಯುತ್ತಿದೆಯೋ ಕೇಳು. ಮೂತ್ರ ಎಷ್ಟು ಬರುತ್ತಿದೆ ಕೇಳು. ಅರವತ್ತು ಕಿಲೋ ಇರುವವರಿಗೆ ಗಂಟೆಗೆ ಮೂವತ್ತು ಮಿ.ಲೀ.ಯಾದರೂ ಇರಬೇಕು, ಅದಕ್ಕಿಂತ ಕಡಿಮೆಯೇ ಉಳಿದರೆ ಕಿಡ್ನಿ ಸೋಲುತ್ತಿದೆ ಎಂದು ಅವರು ಚಿಂತೆ ಮಾಡುತ್ತಾರೆ. ಒಂದು ದಿನದ ಅಂಕಿ ಹಿಡಿದು ಕೂರಬೇಡ, ಮೂರು ದಿನದ್ದು ಒಂದರ ಕೆಳಗೊಂದು ಬರೆ. ಕೊನೆಗೆ ಇದನ್ನು ಕೇಳು: ನಿಮ್ಮ ತಂದೆಯಾಗಿದ್ದರೆ ದೂರದ ಮಕ್ಕಳನ್ನು ಈಗ ಕರೆಸುತ್ತಿದ್ದಿರಾ? ಈ ಪ್ರಶ್ನೆಗೆ ಡಾಕ್ಟರು ತಡಬಡಿಸದೆ ಉತ್ತರ ಹೇಳುತ್ತಾರೆ.

ನನ್ನನ್ನು ಕೇಳುವುದಾದರೆ, ಟಿಕೆಟ್ ಬದಲಿಸು, ನಾಳೆಯೇ ಹೊರಡು. ಇದು ಭವಿಷ್ಯವಲ್ಲ. ಮಾಮಾ ನಾಳೆ ಎದ್ದು ಕೂತರೂ ನೀನು ಎದುರಿಗಿದ್ದದ್ದು ಅವರಿಗೆ ಬೇಕು. ದುಡ್ಡಿಗೆ ತೊಂದರೆಯಿದ್ದರೆ ನನಗೆ ತಿಳಿಸು, ನಾಚಬೇಡ. ಅತ್ತೆಗೆ ನನ್ನ ನಮಸ್ಕಾರ ಹೇಳು. ಅವಳು ಎರಡು ಹೊತ್ತು ಊಟ ಮಾಡುತ್ತಾಳೋ ಇಲ್ಲವೋ ನೋಡು.”

ಕಾಗದ ಇಲ್ಲಿಗೆ ಮುಗಿಯುತ್ತದೆ.

ಈ ಶಾಸ್ತ್ರವೇ ಸಾವಿನ ವಿಷಯದಲ್ಲಿ ಬಾಯಿ ಮುಚ್ಚುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದು ನಿಜವಲ್ಲ. 1649ರಲ್ಲಿ ಕೇರಳದಲ್ಲಿ ರಚನೆಯಾದ ‘ಪ್ರಶ್ನಮಾರ್ಗ’ವನ್ನು ಬೆಂಗಳೂರಿನ ಬಿ.ವಿ. ರಾಮನ್ ಇಂಗ್ಲಿಷಿಗೆ ತಂದಿದ್ದಾರೆ, ಅದನ್ನು ತಿರುವಿ ನೋಡಿದರೆ ಆಯುಸ್ಸಿನ ನಿರ್ಣಯಕ್ಕೇ ಎಷ್ಟು ಜಾಗ ಕೊಟ್ಟಿದ್ದಾರೆ ಎಂಬುದು ಕಾಣುತ್ತದೆ. ಮೊದಲು ಆಯುಸ್ಸು ನೋಡು, ಮಿಕ್ಕದ್ದು ಆಮೇಲೆ ಎಂಬುದೇ ಅದರ ಕ್ರಮ. ಅಂದರೆ ಧನಕವಡಿಯ ಹಿರಿಯರು ಗ್ರಂಥದ ಮಾತು ಪಾಲಿಸಿ ಸುಮ್ಮನಾದವರಲ್ಲ, ಗ್ರಂಥ ಬಿಟ್ಟ ಬಾಗಿಲನ್ನು ತಾವೇ ಹಾಕಿಕೊಂಡವರು.

ಸುಮ್ಮನಿರಬೇಕೆಂಬ ಮಾತು ಇರುವುದು ವೈದ್ಯರ ಗ್ರಂಥದಲ್ಲಿ. ಚರಕಸಂಹಿತೆಯ ಇಂದ್ರಿಯಸ್ಥಾನದ ಹನ್ನೆರಡೂ ಅಧ್ಯಾಯಗಳು ಸಾವು ಹತ್ತಿರ ಬಂದುದರ ಲಕ್ಷಣಗಳಿಗೇ ಮೀಸಲು. ಬಣ್ಣ, ದನಿ, ಕನಸು, ವೈದ್ಯನನ್ನು ಕರೆಯಲು ಬಂದವನ ವೇಷ, ಎಲ್ಲವನ್ನೂ ನೋಡುವುದು ಹೇಳಿಕೊಟ್ಟು, ಕೊನೆಯ ಅಧ್ಯಾಯದಲ್ಲಿ ಹೇಳುತ್ತದೆ: ಸಾವಿನ ಚಿಹ್ನೆ ಕಂಡರೂ ಕೇಳದೆ ಹೇಳಬೇಡ, ಕೇಳಿದರೂ, ರೋಗಿಗೋ ಬೇರೆ ಯಾರಿಗೋ ಅದು ಪೆಟ್ಟಾಗುವ ಕಡೆ ಹೇಳಬೇಡ. ಗುಣವಾಗುವ ಚಿಹ್ನೆ ಕಂಡರೆ ಮಾತ್ರ ತಪ್ಪದೆ ಹೇಳು. ನನಗೆ ಇದರ ಮೊದಲ ಭಾಗ ಇಂದಿನ ಡಾಕ್ಟರಿಗೆ ಒಪ್ಪುವುದಿಲ್ಲ ಎನಿಸುತ್ತದೆ. ಅವರ ಕೈಯಲ್ಲಿ ಮೂರು ದಿನದ ಅಂಕಿಗಳಿವೆ, ಮನೆಯವರು ನಿರ್ಧಾರ ಮಾಡಬೇಕಾಗಿದೆ, ಅವರು ಹೇಳಬೇಕು. ಅಂಕಿಗಳಿಲ್ಲದವನಿಗೆ ಮಾತ್ರ ಚರಕನ ಮಾತು ಸರಿಯಾಗಿ ಹೊಂದುತ್ತದೆ.

ಅಂಕಿಗಳಿದ್ದವರಿಗೂ ಇದು ಸುಲಭವಲ್ಲ. ಶಿಕಾಗೋದಲ್ಲಿ ಕೊನೆಗಾಲದ ಆರೈಕೆಗೆ ಸೇರಿದ 468 ರೋಗಿಗಳು ಎಷ್ಟು ದಿನ ಬದುಕಬಹುದು ಎಂದು ಅವರವರ ಡಾಕ್ಟರನ್ನೇ ಕೇಳಿದ ಅಧ್ಯಯನವೊಂದು 2000ದಲ್ಲಿ ಪ್ರಕಟವಾಯಿತು. ಅಂದಾಜು ಸುಮಾರಾಗಿ ಸರಿಹೋದದ್ದು ನೂರಕ್ಕೆ ಇಪ್ಪತ್ತು ಮಾತ್ರ. ತಪ್ಪಿದವರಲ್ಲಿ ಹೆಚ್ಚಿನವರು, ಇದ್ದದ್ದಕ್ಕಿಂತ ಹೆಚ್ಚು ದಿನ ಹೇಳಿದ್ದರು. ರೋಗಿಯ ಮುಖ ನೋಡಿ ಬಲ್ಲ ಡಾಕ್ಟರ ನಾಲಿಗೆಯೂ ಒಳ್ಳೆಯ ಸುದ್ದಿಯ ಕಡೆಗೇ ವಾಲುತ್ತದೆ.

ಜ್ಯೋತಿಷದ ಪರೀಕ್ಷೆ ನಡೆದದ್ದು ನಮ್ಮ ಪುಣೆಯಲ್ಲೇ. 2008ರಲ್ಲಿ ಜಯಂತ ನಾರಳೀಕರ್ ಮತ್ತು ಅವರ ಜೊತೆಯವರು, ಅಂಧಶ್ರದ್ಧಾ ನಿರ್ಮೂಲನ ಸಮಿತಿಯವರ ನೆರವಿನಿಂದ, ನೂರು ಜಾಣ ಮಕ್ಕಳ ಮತ್ತು ನೂರು ಬುದ್ಧಿಮಾಂದ್ಯ ಮಕ್ಕಳ ಜಾತಕ ಕಲೆಹಾಕಿ, ತಲಾ ನಲವತ್ತು ಜಾತಕ ಕೊಟ್ಟು, ಯಾವುದು ಯಾರದು ಹೇಳಿ ಎಂದರು. ಉತ್ತರ ಕಳಿಸಿದ 27 ಜ್ಯೋತಿಷಿಗಳ ಸರಾಸರಿ ನೂರಕ್ಕೆ 46. ನಾಣ್ಯ ಚಿಮ್ಮಿದರೂ ಐವತ್ತು ಬರುತ್ತದೆ. ಧನಕವಡಿಯ ಹಿರಿಯರಿಗೆ ಫೋನ್ ಮಾಡಿದಾಗ ಇದನ್ನು ಎತ್ತಿದೆ. ನಕ್ಕರು. “ಆ ಸುದ್ದಿ ಪೇಪರಿನಲ್ಲಿ ಓದಿದ್ದೆ. ಅದಕ್ಕೂ ಮೊದಲೇ ನಾನು ನಪಾಸಾಗಿದ್ದೆ, ಮೆಟ್ಟಿಲಲ್ಲಿ” ಎಂದರು. ಮುಹೂರ್ತ, ಮದುವೆ ಇನ್ನೂ ನೋಡುತ್ತೀರಲ್ಲ ಎಂದರೆ, ಹತ್ತರ ಬದಲು ಹನ್ನೊಂದಕ್ಕೆ ಗೃಹಪ್ರವೇಶವಾದರೆ ಯಾರ ಮನೆಯೂ ಮುಳುಗುವುದಿಲ್ಲ ಎಂದು ಉತ್ತರ. ಪೂರ್ತಿ ಒಪ್ಪುವ ಉತ್ತರವಲ್ಲ. ಕೂಡಿಬರಲಿಲ್ಲ ಎಂದು ತಪ್ಪಿಹೋದ ಸಂಬಂಧಗಳ ಲೆಕ್ಕ ಯಾರ ಹತ್ತಿರವಿದೆ? ಅದನ್ನೂ ಕೇಳಿದೆ. ಆ ಬಗ್ಗೆ ಇನ್ನೊಂದು ಕಾಗದ ಬರೆಯುತ್ತೇನೆ ಎಂದಿದ್ದಾರೆ, ನೋಡೋಣ.

ಹುಡುಗಿ ಮರುದಿನ ಸಂಜೆ ಹುಬ್ಬಳ್ಳಿ ತಲುಪಿದಳು. ಬೆಳಗಾವಿಯವರೆಗೆ ವಿಮಾನ, ಅಲ್ಲಿಂದ ಬಸ್ಸು. ಡಾಕ್ಟರನ್ನು ಹಿರಿಯರು ಹೇಳಿಕೊಟ್ಟ ಹಾಗೆಯೇ ಕೇಳಿ, ಅಂಕಿಗಳನ್ನು ಒಂದು ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಬರೆದುಕೊಂಡಳಂತೆ. ಆಮೇಲೆ ಮಾಮಾ ಏನಾದರು ಎಂಬುದು ನನಗೆ ಗೊತ್ತಿದೆ. ಆದರೆ ಅದನ್ನು ಬರೆಯಬಾರದು ಎಂಬ ಒಂದೇ ಷರತ್ತಿನ ಮೇಲೆ ಕಾಗದ ಕೊಟ್ಟಿದ್ದಾರೆ. ಬರೆದರೆ ಓದಿದವರು ಕಾಗದವನ್ನು ಮತ್ತೆ ಹಿಂದಿನಿಂದ ಓದುತ್ತಾರಂತೆ, ಕಾಕಾನಿಗೆ ಮೊದಲೇ ಗೊತ್ತಿತ್ತು ಅನ್ನುತ್ತಾರಂತೆ, ಮುಂದಿನ ವಾರ ಇನ್ನೊಬ್ಬರು ಇನ್ನೊಂದು ಐಸಿಯುನಿಂದ ರಾತ್ರಿ ಹನ್ನೆರಡೂ ಇಪ್ಪತ್ತಕ್ಕೆ ಕೇಳುತ್ತಾರಂತೆ.