ಉಸಿರಿನ ಅಂಕೆಗಳೂ ಅವುಗಳ ಅರ್ಥಪತ್ರವೂ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಶ್ವಾಸಕೋಶಕ್ಕೆ ಹಾನಿ ತರಬಲ್ಲ ವಸ್ತುಗಳು ಜನರ ನಿತ್ಯಜೀವನದೊಡನೆ ಬೆರೆತುಕೊಂಡೇ ಇವೆ: ತೊಗರಿ ಕಟ್ಟಿಗೆಯೂ ಕುಳ್ಳೂ ಉರಿಯುವ ಒಲೆಯ ಹೊಗೆ, ರಾಶಿಯ ಕಾಲದಲ್ಲಿ ಏಳುವ ಹೊಟ್ಟಿನ ಧೂಳು, ಬೀಡಿ, ಕಬ್ಬಿನ ಸಿಪ್ಪೆಯ ಬಣವೆ, ಎಂದೋ ಬಂದು ಗುಣವಾಗಿ ಹೋದ ಕ್ಷಯದ ಕಲೆ. ಇವುಗಳಲ್ಲಿ ಯಾವುದು ಕಾಡಿದರೂ ರೋಗಿ ಹೇಳುವ ಮಾತು ಒಂದೇ, ‘ದಮ್ಮು ಹತ್ತತದ್ರಿ’ ಎಂಬುದು. ಆ ಒಂದು ಮಾತಿನ ಹಿಂದೆ ಪರಸ್ಪರ ಭಿನ್ನವಾದ ಎರಡು ವಿಕಾರಗಳು ಅಡಗಿರಬಹುದಾದುದರಿಂದ, ಅವುಗಳನ್ನು ಬೇರ್ಪಡಿಸುವುದಕ್ಕಾಗಿ ವೈದ್ಯರು ರೋಗಿಯನ್ನು ಸ್ಪೈರೊಮೆಟ್ರಿ ಪರೀಕ್ಷೆಗೆ ಕಳುಹಿಸುತ್ತಾರೆ. ಪರೀಕ್ಷೆ ಮಾಡಿದವರೊಬ್ಬರು, ಅದರ ಫಲವನ್ನು ಊರಿನಲ್ಲಿ ಓದಿ ಔಷಧ ಬರೆಯುವವರು ಇನ್ನೊಬ್ಬರು ಆಗಿರುವಲ್ಲಿ, ನಡುವೆ ಸಾಗುವ ಅರ್ಥಪತ್ರವೆಂಬ ಆ ಒಂದು ಹಾಳೆ ಏನನ್ನು ಹೇಳುತ್ತದೆ, ಯಾವ ಕ್ರಮದಲ್ಲಿ ಹೇಳುತ್ತದೆ ಎಂಬುದರ ಮೇಲೆ ರೋಗಿಯ ಮುಂದಿನ ಚಿಕಿತ್ಸೆಯೆಲ್ಲ ನಿಂತಿರುತ್ತದೆ.

ಲಂಡನ್ನಿನ ವೈದ್ಯ ಜಾನ್ ಹಚಿನ್ಸನ್ 1846ರಲ್ಲಿ ಎರಡು ಸಾವಿರಕ್ಕೂ ಮಿಕ್ಕ ಜನರ ಉಸಿರನ್ನು ಅಳೆದು, ಒಬ್ಬನು ಪೂರ್ಣವಾಗಿ ಎಳೆದುಕೊಂಡು ಪೂರ್ಣವಾಗಿ ಹೊರಬಿಡಬಲ್ಲ ಗಾಳಿಯ ಮೊತ್ತವು ಅವನ ಎತ್ತರದೊಡನೆ ಏರುತ್ತದೆಂದು ತೋರಿಸಿಕೊಟ್ಟನು. ಆ ಗಾಳಿ ಎಷ್ಟು ಎಂಬುದನ್ನು ಅವನು ಅಳೆದನೇ ಹೊರತು ಎಷ್ಟು ವೇಗವಾಗಿ ಬಂತು ಎಂಬುದನ್ನು ಅಳೆಯಲಿಲ್ಲ. ಮೊದಲ ಒಂದು ಸೆಕೆಂಡಿನಲ್ಲಿ ಹೊರಬಿದ್ದ ಪಾಲನ್ನು ಪ್ರತ್ಯೇಕವಾಗಿ ಅಳೆಯಬೇಕೆಂಬ ವಿಚಾರವು ಫ್ರಾನ್ಸಿನ ಟಿಫ್ನೋ ಮತ್ತು ಪಿನೆಲ್ಲಿ ಎಂಬವರಿಂದ ಬಂದದ್ದು ಶತಮಾನವೊಂದು ಕಳೆದ ಬಳಿಕ, 1947ರಲ್ಲಿ. ಇಂದಿನ ಯಂತ್ರವು ಹತ್ತಾರು ಅಂಕೆಗಳನ್ನು ಮುದ್ರಿಸಿಕೊಟ್ಟರೂ ಮುಖ್ಯವಾದುವು ಈ ಎರಡೇ: ಬಲವಾಗಿ ಊದಿದ ಒಟ್ಟು ಗಾಳಿಯಾದ ಎಫ್‌ವಿಸಿ, ಮೊದಲ ಸೆಕೆಂಡಿನ ಪಾಲಾದ ಎಫ್‌ಇವಿ-1. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ದೊರೆಯುವ ಅನುಪಾತವೇ ರೋಗಜಾತಿಗಳನ್ನು ವಿಂಗಡಿಸುವ ಕೀಲಿ. ಕಂಠ ಕಿರಿದಾದ ದೊಡ್ಡ ಕೊಡವನ್ನು ಬೋರಲು ಹಾಕಿದರೆ ನೀರು ತುಂಬ ಇದ್ದರೂ ಹೊರಬರಲು ಹೊತ್ತು ಹಿಡಿಯುತ್ತದೆ. ಪುಟ್ಟ ಬಿಂದಿಗೆಯಲ್ಲಿ ನೀರೇ ಕಡಿಮೆ, ಇದ್ದಷ್ಟು ಮಾತ್ರ ತಡೆಯಿಲ್ಲದೆ ಸುರಿದುಹೋಗುತ್ತದೆ. ಮೊದಲನೆಯದು ಅವರೋಧಕ ವಿನ್ಯಾಸ, ಎರಡನೆಯದು ನಿರ್ಬಂಧಕ ವಿನ್ಯಾಸ.

ತತ್ತ್ವವು ಇಷ್ಟು ಸರಳವಾಗಿದ್ದೂ ಅರ್ಥಪತ್ರಗಳು ತಪ್ಪುವುದೇಕೆಂಬುದನ್ನು ತಿಳಿಯಲು, ಮೂರು ತಾಲ್ಲೂಕುಗಳಿಂದ ಮೂವರು ಬಂದರೆಂದು ಕಲ್ಪಿಸಿಕೊಂಡು ಅವರ ಅಂಕೆಗಳನ್ನು ಸಾವಧಾನವಾಗಿ ಓದೋಣ. ವ್ಯಕ್ತಿಗಳು ಕಲ್ಪಿತರು, ಅಂಕೆಗಳ ನಡತೆ ಮಾತ್ರ ನಿಜವಾದದ್ದು.

ಆಳಂದದ ಕಡೆಯ ಐವತ್ತೆರಡು ವಯಸ್ಸಿನ ಗೃಹಿಣಿ, ಎತ್ತರ 150 ಸೆಂಟಿಮೀಟರ್, ಬೀಡಿ ಮುಟ್ಟಿದವಳಲ್ಲ. ಆಕೆಯ ಎಫ್‌ವಿಸಿ 2.20 ಲೀಟರ್, ಎಫ್‌ಇವಿ-1 ಕೇವಲ 1.10 ಲೀಟರ್, ಅನುಪಾತ 0.50. ಆಕೆಯ ವಯಸ್ಸು ಎತ್ತರಗಳಿಗೆ ಅನುಪಾತದ ಕೆಳಮಿತಿ 0.71, ಎಫ್‌ವಿಸಿಯ ಕೆಳಮಿತಿ 1.82 ಎಂದು ಯಂತ್ರ ತೋರಿಸುತ್ತದೆ. ಕೆಳಮಿತಿಯೆಂದರೆ ಆರೋಗ್ಯವಂತರಾದ ನೂರು ಜನರಲ್ಲಿ ಐವರು ಮಾತ್ರ ಅದಕ್ಕಿಂತ ಕೆಳಗಿರುವ ಗೆರೆ. ಅನುಪಾತವು ಆ ಗೆರೆಯ ಕೆಳಗೆ, ಒಟ್ಟು ಗಾಳಿ ಗೆರೆಯ ಮೇಲೆ. ಆದುದರಿಂದ ಇದು ಶುದ್ಧವಾದ ಅವರೋಧ. ಅದರ ತೀವ್ರತೆಯನ್ನು ಎಫ್‌ಇವಿ-1 ನಿಶ್ಚಯಿಸುತ್ತದೆ: ನಿರೀಕ್ಷಿತ ಮೌಲ್ಯ 1.95, ಕೆಳಮಿತಿ 1.47 ಇರುವಲ್ಲಿ 1.10 ಎಂಬುದು ಜೆಡ್ ಅಂಕದಲ್ಲಿ ಸುಮಾರು ಋಣ 2.9 ಆಗುತ್ತದೆ, ಅಮೆರಿಕ ಮತ್ತು ಯುರೋಪಿನ ಶ್ವಾಸವೈದ್ಯರ ಸಂಘಗಳು ಕೂಡಿ 2022ರಲ್ಲಿ ಪ್ರಕಟಿಸಿದ ಮಾನಕದಂತೆ ಋಣ 2.5ರಿಂದ ಋಣ 4ರವರೆಗಿನದು ಮಧ್ಯಮ ತೀವ್ರತೆ. ಸಾಲ್ಬುಟಮಾಲ್ ಕೊಟ್ಟು ಹದಿನೈದು ನಿಮಿಷದ ನಂತರ ಊದಿಸಿದಾಗ ಎಫ್‌ಇವಿ-1 1.16ಕ್ಕೆ ಏರಿತೆನ್ನಿ. ಏರಿಕೆಯಾದ 60 ಮಿಲಿಲೀಟರು ನಿರೀಕ್ಷಿತ ಮೌಲ್ಯದ ಶೇಕಡ 3. ಅದೇ ಮಾನಕವು ಶೇಕಡ 10ಕ್ಕಿಂತ ಹೆಚ್ಚಿದ್ದರೆ ಮಾತ್ರ ಅದನ್ನು ಔಷಧದ ಪ್ರತಿಕ್ರಿಯೆಯೆಂದು ಎಣಿಸುತ್ತದೆ. ಔಷಧಕ್ಕೂ ಜಗ್ಗದ ಈ ಅವರೋಧದ ಮೂಲವನ್ನು ಬೀಡಿಯಲ್ಲಿ ಹುಡುಕದೆ ಒಲೆಯಲ್ಲಿ ಹುಡುಕಬೇಕು. ಮೈಸೂರು ಜಿಲ್ಲೆಯ ಗ್ರಾಮೀಣ ಮಹಿಳೆಯರಲ್ಲಿ ನಡೆಸಿ 2013ರಲ್ಲಿ ಪ್ರಕಟವಾದ ಅಧ್ಯಯನವೊಂದು, ದಿನಕ್ಕೆ ಒಲೆಯ ಮುಂದೆ ಕಳೆದ ಗಂಟೆಗಳನ್ನು ವರ್ಷಗಳಿಂದ ಗುಣಿಸಿದಾಗ ಬರುವ ಸೂಚ್ಯಂಕವು 60 ಮುಟ್ಟಿದರೆ ದೀರ್ಘಕಾಲಿಕ ಶ್ವಾಸನಾಳದ ಉರಿಯೂತದ ಅಪಾಯ ಗಮನಾರ್ಹವಾಗುತ್ತದೆಂದು ಕಂಡುಕೊಂಡಿತು. ದಿನಕ್ಕೆ ಮೂರು ಗಂಟೆಯಂತೆ ಮೂವತ್ತೈದು ವರ್ಷ ಅಡುಗೆ ಮಾಡಿದ ಈ ಗೃಹಿಣಿಯ ಸೂಚ್ಯಂಕ 105. ಈ ಸಂಖ್ಯೆಯೂ ಅರ್ಥಪತ್ರದ ಒಂದು ಸಾಲಾಗಿ ಬರತಕ್ಕದ್ದು.

ಅಫಜಲಪುರದ ಕಡೆಯವನು ನಲವತ್ತೆಂಟರ ಪುರುಷ, ಎತ್ತರ 165 ಸೆಂಟಿಮೀಟರ್, ಬಹುಕಾಲ ಸಂಗ್ರಹಿಸಿಟ್ಟ ಕಬ್ಬಿನ ಸಿಪ್ಪೆಯನ್ನು ಕೆದಕಿ ಸಾಗಿಸುವ ಕೂಲಿ. ಎಫ್‌ಇವಿ-1 1.85, ಅದರ ಕೆಳಮಿತಿ 2.25. ಅವಸರದ ಕಣ್ಣು ಇಲ್ಲಿಯೇ ನಿಂತು, ‘ಎಫ್‌ಇವಿ-1 ಕುಗ್ಗಿದೆ, ಆದುದರಿಂದ ಅವರೋಧ’ ಎಂದು ಬರೆದು ಇನ್ಹೇಲರ್ ಕೊಡಿಸಿಬಿಡುತ್ತದೆ. ಆದರೆ ಎಫ್‌ವಿಸಿಯೂ 2.20ಕ್ಕೆ ಇಳಿದಿದೆ, ಕೆಳಮಿತಿ 2.80. ಅನುಪಾತ 0.84, ಎಂದರೆ ಸಂಪೂರ್ಣ ಸಹಜ. ಮೊದಲ ಸೆಕೆಂಡಿನ ಗಾಳಿ ಕಡಿಮೆಯಾಗಿರುವುದು ದಾರಿ ಕಿರಿದಾದುದರಿಂದಲ್ಲ, ಒಳಗಿರುವುದೇ ಕಡಿಮೆಯಾದುದರಿಂದ. ಎಫ್‌ಇವಿ-1 ಒಂದನ್ನೇ ನೋಡಿ ಅವರೋಧವೆಂದು ನಿರ್ಣಯಿಸಲಾಗದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಡ. ಬೂಷ್ಟು ಹಿಡಿದ ಸಿಪ್ಪೆಯಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳ ಧೂಳನ್ನು ಉಸಿರಾಡಿದವರ ಶ್ವಾಸಕೋಶದ ಊತಕವೇ ಉರಿಗೊಂಡು, ಕ್ರಮೇಣ ನಾರುಗಟ್ಟಿ ಬಿಗಿಯಾಗುವ ಬ್ಯಾಗಸೋಸಿಸ್ ಎಂಬ ರೋಗವನ್ನು ವೈದ್ಯರು ಇಲ್ಲಿ ನೆನೆಯಬೇಕು. ಆದರೂ ಅರ್ಥಪತ್ರವು ‘ನಿರ್ಬಂಧವಿದೆ’ ಎಂದು ಸಾರಲಾಗದು; ‘ನಿರ್ಬಂಧವನ್ನು ಸೂಚಿಸುತ್ತದೆ’ ಎಂದಷ್ಟೇ ಹೇಳಬಹುದು. ಎಷ್ಟು ಬಲವಾಗಿ ಊದಿದರೂ ಎದೆಯಲ್ಲಿ ಉಳಿದುಬಿಡುವ ಗಾಳಿಯನ್ನು ಸ್ಪೈರೊಮೀಟರು ಕಾಣಲಾರದು. ಅದನ್ನೂ ಕೂಡಿಸಿದ ಶ್ವಾಸಕೋಶದ ಒಟ್ಟು ಧಾರಣಶಕ್ತಿ ಕುಗ್ಗಿದೆಯೆಂದು ದೊಡ್ಡ ಆಸ್ಪತ್ರೆಯ ಬೇರೆ ಉಪಕರಣದಿಂದ ಅಳೆದು ಕಂಡಾಗಲೇ ನಿರ್ಬಂಧ ಸಿದ್ಧವಾಗುವುದು. ಎಫ್‌ವಿಸಿ ಸಹಜವಾಗಿದ್ದರೆ ನಿರ್ಬಂಧವಿಲ್ಲವೆಂದು ಬಹುಮಟ್ಟಿಗೆ ಧೈರ್ಯದಿಂದ ಹೇಳಬಹುದು. ಎಫ್‌ವಿಸಿ ಕುಗ್ಗಿದ್ದರೆ ನಿರ್ಬಂಧವಿದೆಯೆಂದು ಅಷ್ಟೇ ಧೈರ್ಯದಿಂದ ಹೇಳಲು ಬಾರದು.

ಈ ಅಧೈರ್ಯಕ್ಕೆ ಕಾರಣವೇನೆಂಬುದನ್ನು ಮೂರನೆಯ ಹಾಳೆ ಕಲಿಸುತ್ತದೆ. ಜೇವರ್ಗಿಯ ಕಡೆಯ ಅರವತ್ತೆರಡರ ರೈತ, ಯೌವನದಿಂದಲೂ ಬೀಡಿ. ಎಫ್‌ವಿಸಿ 1.80, ಕೆಳಮಿತಿ 2.25, ಎಫ್‌ಇವಿ-1 1.35, ಅನುಪಾತ 0.75, ಕೆಳಮಿತಿ 0.67. ಅಂಕೆಗಳನ್ನಷ್ಟೇ ನೋಡಿದರೆ ಇದು ಅಫಜಲಪುರದವನ ವಿನ್ಯಾಸವೇ, ಯಂತ್ರವೂ ತಾನಾಗಿ ‘ನಿರ್ಬಂಧಕ’ ಎಂದು ಮುದ್ರಿಸಿಕೊಡುತ್ತದೆ. ಆದರೆ ಅಂಕೆಗಳ ಪಕ್ಕದಲ್ಲಿರುವ ಕಾಲ ಮತ್ತು ಗಾತ್ರದ ರೇಖೆಯ ಮೇಲೆ ಕಣ್ಣು ಹಾಯಿಸಿದರೆ, ಅದು ಏರುತ್ತ ಏರುತ್ತ ಕೊನೆಯಲ್ಲಿ ಸಮತಲವಾಗದೆ, ಎರಡನೆಯ ಸೆಕೆಂಡಿನಲ್ಲಿಯೇ ಥಟ್ಟನೆ ಕಡಿದುಹೋಗಿದೆ: ಕೆಮ್ಮು ಬಂದಂತಾಗಿ ಆತ ಊದುವುದನ್ನು ನಿಲ್ಲಿಸಿದ್ದಾನೆ. ಕಿರಿದಾದ ನಾಳಗಳಿಂದ ಗಾಳಿ ನಿಧಾನವಾಗಿ ಬರುತ್ತಿರುವವನು ಬೇಗ ನಿಲ್ಲಿಸಿದರೆ ಮೊದಲ ಸೆಕೆಂಡಿನ ಪಾಲು ಅಷ್ಟೇ ಉಳಿದು ಒಟ್ಟು ಮೊತ್ತ ಮಾತ್ರ ಕುಗ್ಗುತ್ತದೆ. ಛೇದ ಕುಗ್ಗಿದಾಗ ಅನುಪಾತ ಸುಳ್ಳಾಗಿ ಏರುತ್ತದೆ. ಅವರೋಧವು ನಿರ್ಬಂಧದ ವೇಷ ಧರಿಸುತ್ತದೆ. ಹತ್ತು ನಿಮಿಷ ಕುಳ್ಳಿರಿಸಿ, ಮೂಗಿಗೆ ಕ್ಲಿಪ್ಪು ಹಾಕಿ, ಎದೆ ತುಂಬ ಎಳೆಸಿ, ‘ಊದರಿ, ಇನ್ನೂ ಊದರಿ, ಬಿಡಬ್ಯಾಡರಿ’ ಎಂದು ಕೊನೆಯವರೆಗೂ ಹುರಿದುಂಬಿಸಿದಾಗ ಆತ ಒಂಬತ್ತು ಸೆಕೆಂಡು ಊದಿದನೆನ್ನೋಣ: ಎಫ್‌ವಿಸಿ 2.60, ಎಫ್‌ಇವಿ-1 1.40, ಅನುಪಾತ 0.54. ನಿರ್ಬಂಧವು ಮಾಯವಾಯಿತು, ಬೀಡಿಯ ಅವರೋಧವು ತನ್ನ ಸ್ವರೂಪದಲ್ಲಿ ಪ್ರಕಟವಾಯಿತು. ಮೊದಲ ಹಾಳೆಯನ್ನೇ ನಂಬಿದ್ದರೆ ಈ ರೈತನಿಗೆ ಬೇಡದ ಸಿ.ಟಿ. ಸ್ಕ್ಯಾನಿನ ಖರ್ಚು ಬೀಳುತ್ತಿತ್ತು, ಬೇಕಾದ ಇನ್ಹೇಲರ್ ತಪ್ಪುತ್ತಿತ್ತು.

ಆದುದರಿಂದ ನನ್ನ ದೃಢವಾದ ಅಭಿಪ್ರಾಯವಿದು: ಅರ್ಥಪತ್ರದ ಮೊದಲ ಸಾಲು ರೋಗವನ್ನು ಕುರಿತದ್ದಾಗಿರದೆ ಊದಿದ ಉಸಿರಿನ ಯೋಗ್ಯತೆಯನ್ನು ಕುರಿತದ್ದಾಗಿರಬೇಕು. ಊದುವಿಕೆ ಹಿಂಜರಿಕೆಯಿಲ್ಲದೆ ಆರಂಭವಾಯಿತೇ, ಮೊದಲ ಸೆಕೆಂಡಿನಲ್ಲಿ ಕೆಮ್ಮಿಲ್ಲವೇ, ರೇಖೆ ಕೊನೆಯ ಒಂದು ಸೆಕೆಂಡಿನಲ್ಲಿ 25 ಮಿಲಿಲೀಟರಿಗಿಂತ ಕಡಿಮೆ ಏರಿ ಸಮತಲವಾಯಿತೇ ಎಂಬುದನ್ನು ನೋಡಬೇಕು. ಇಂಥ ಮೂರು ಊದುವಿಕೆಗಳು ದೊರೆತು, ಅವುಗಳಲ್ಲಿ ಅತಿ ಹೆಚ್ಚಿನ ಎರಡು ಮೌಲ್ಯಗಳ ಅಂತರ 150 ಮಿಲಿಲೀಟರಿನೊಳಗೆ ಇರಬೇಕು. ಇದು ಒದಗದೆ ಇದ್ದಲ್ಲಿ, ‘ಪರೀಕ್ಷೆ ಅಪೂರ್ಣ, ನಿರ್ಬಂಧದ ನಿರ್ಣಯ ಸಲ್ಲದು’ ಎಂದು ಬರೆದು ನಿಲ್ಲಿಸುವುದೇ ಪ್ರಾಮಾಣಿಕ ಮಾರ್ಗ. ಇದಾದ ಮೇಲೆ ಅನುಪಾತ, ತರುವಾಯ ಎಫ್‌ವಿಸಿ, ಕೊನೆಯಲ್ಲಿ ತೀವ್ರತೆ. ಈ ಕ್ರಮವನ್ನು ಮುರಿಯಬಾರದು. ಅನುಪಾತವೂ ಎಫ್‌ವಿಸಿಯೂ ಎರಡೂ ಕುಗ್ಗಿದ್ದರೆ, ಕ್ಷಯ ಬಂದು ಹೋದವರಲ್ಲಿ ಇದು ಕಾಣುವುದುಂಟು, ಅದು ಮಿಶ್ರ ವಿನ್ಯಾಸವಾಗಿರಬಹುದು, ಇಲ್ಲವೇ ಅವರೋಧದಿಂದ ಗಾಳಿ ಒಳಗೇ ಸಿಕ್ಕಿಬಿದ್ದು ಎಫ್‌ವಿಸಿ ಕುಗ್ಗಿದಂತೆ ತೋರುತ್ತಿರಬಹುದು. ಒಟ್ಟು ಧಾರಣಶಕ್ತಿಯನ್ನು ಅಳೆಯದೆ ಇವೆರಡನ್ನು ಬಿಡಿಸಲಾಗದು.

ಇನ್ನು ಕೆಳಮಿತಿಯ ಗೆರೆಯೂ ಆಕಾಶದಿಂದ ಇಳಿದದ್ದಲ್ಲ. ಎತ್ತರವನ್ನು ಚಪ್ಪಲಿ ಬಿಡಿಸಿ ಅಳೆಯದೆ ರೋಗಿ ಹೇಳಿದ್ದನ್ನೇ ಬರೆದುಕೊಂಡರೆ ಗೆರೆಯೇ ಸರಿದುಹೋಗುತ್ತದೆ. ಬೆನ್ನು ಬಾಗಿದವರಲ್ಲಿ ಚಾಚಿದ ಎರಡು ತೋಳುಗಳ ಉದ್ದವನ್ನು ಆಧಾರವಾಗಿ ತೆಗೆದುಕೊಳ್ಳಬೇಕು. 2012ರ ಜಾಗತಿಕ ಸಮೀಕರಣಗಳಲ್ಲಿ ನಮ್ಮ ಉಪಖಂಡದವರಿಗೆ ಪ್ರತ್ಯೇಕ ವರ್ಗವಿರಲಿಲ್ಲ, ಮಿಶ್ರವರ್ಗದಲ್ಲಿ ಸೇರಿಸಿಕೊಳ್ಳಬೇಕಾಗಿತ್ತು. ಜನಾಂಗಭೇದವನ್ನು ಕೈಬಿಟ್ಟ ಸಮೀಕರಣವು ಅನಂತರ ಬಂದಿದೆ. ಗೆರೆಯ ಹತ್ತಿರವಿರುವ ಒಬ್ಬನೇ ರೋಗಿ ಒಂದು ಸಮೀಕರಣದಲ್ಲಿ ಸಹಜನೂ ಇನ್ನೊಂದರಲ್ಲಿ ರೋಗಿಯೂ ಆಗಬಹುದಾದುದರಿಂದ, ಯಾವ ಸಮೀಕರಣವನ್ನು ಬಳಸಲಾಯಿತೆಂಬುದನ್ನು ಹಾಳೆಯ ಮೇಲೆ ಬರೆಯತಕ್ಕದ್ದು. ಮರುವರ್ಷದ ಪರೀಕ್ಷೆಯನ್ನು ಅದೇ ಸಮೀಕರಣವನ್ನು ಬಳಸಿ ಹೋಲಿಸತಕ್ಕದ್ದು.

ಇಷ್ಟೂ ವಿಷಯಗಳನ್ನು ಒಂದೇ ಹಾಳೆಯ ಐದಾರು ಸಾಲುಗಳಲ್ಲಿ ಹೇಳಿಬಿಡಬಹುದು. ಜೇವರ್ಗಿಯ ರೈತನ ಪತ್ರ ಹೀಗಿರಲಿ: ‘ಊದುವಿಕೆ ಎರಡನೆಯ ಸರದಿಯಲ್ಲಿ ಯೋಗ್ಯ, ಮೊದಲ ಸರದಿಯ ಅಂಕೆಗಳನ್ನು ಬಿಡಲಾಗಿದೆ. ಅನುಪಾತ ಕೆಳಮಿತಿಗಿಂತ ಕಡಿಮೆ: ಅವರೋಧ. ಎಫ್‌ವಿಸಿ ಸಹಜ: ನಿರ್ಬಂಧದ ಸೂಚನೆಯಿಲ್ಲ. ಔಷಧದ ನಂತರದ ಪರೀಕ್ಷೆ ಬಾಕಿ. ಬೀಡಿಯ ವರ್ಷಗಳನ್ನು ಕೇಳಿ ದಾಖಲಿಸುವುದು.’ ಇದನ್ನು ಓದಿದ ತಾಲ್ಲೂಕಿನ ವೈದ್ಯರಿಗೆ ಏನು ಸಿದ್ಧವಾಗಿದೆ, ಏನು ಉಳಿದಿದೆ, ಮುಂದೆ ಏನು ಮಾಡಬೇಕು ಎಂಬ ಮೂರೂ ತಿಳಿಯುತ್ತವೆ. ಅಷ್ಟನ್ನು ತಿಳಿಸದ ಹಾಳೆಯು ಎಷ್ಟೇ ಅಂಕೆಗಳನ್ನು ಹೊತ್ತಿದ್ದರೂ ಅರ್ಥಪತ್ರವೆಂಬ ಹೆಸರಿಗೆ ಅರ್ಹವಲ್ಲ.